ಅವಧಿ ಮೊದಲೇ ತಿಳಿಸಿ

ಮಾನ್ಯರೇ,

ಗ್ರಂಥಾಲಯದ ಆ್ಯಪ್‌ನಲ್ಲಿ ಎರವಲು ಪಡೆದ ಇ-ಪುಸ್ತಕ, ಆಡಿಯೊ ಪುಸ್ತಕಗಳು ಅವಧಿ ಮುಗಿದ ಕೂಡಲೇ ತೆರೆಯುವುದಿಲ್ಲ ಎಂದು ನಮ್ಮ ಹಾಸನದ ಓದುಗರು ಗೊಣಗುವುದು ಸಹಜ. ಡೌನ್‌ಲೋಡ್ ಆಗಿದೆ ಅಂದ ಮೇಲೆ ನಮ್ಮದೇ ಅಲ್ವಾ ಎನಿಸುತ್ತದೆ. ಆದರೆ ಆ ಫೈಲ್‌ಗೆ ಡಿಜಿಟಲ್ ಬೀಗವಿದೆ, ಅದಕ್ಕೆ ಗಡುವಿನ ದಿನಾಂಕವೂ ಇದೆ.

ಬೀಗ ಹಾಕಿಸುವುದು ಪ್ರಕಾಶಕರ ಷರತ್ತು. ಅಚ್ಚಾದ ಪುಸ್ತಕವನ್ನು ಗ್ರಂಥಾಲಯ ಒಮ್ಮೆ ಕೊಂಡರೆ ಹರಿಯುವವರೆಗೂ ಕೊಡಬಹುದು. ಇ-ಪುಸ್ತಕಕ್ಕೆ ಸಿಗುವುದು ಬರೀ ಪರವಾನಗಿ. ಸಾಮಾನ್ಯವಾಗಿ ಒಂದು ಪರವಾನಗಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು. ನಿಮ್ಮದು ಮುಚ್ಚಿದರೆ ಮಾತ್ರ ಸರದಿಯಲ್ಲಿರುವವರಿಗೆ ತೆರೆಯುತ್ತದೆ. ಗ್ರಂಥಾಲಯದ ಪರವಾನಗಿಯೂ ಶಾಶ್ವತವಲ್ಲ. ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ 2011ರಲ್ಲಿ ಒಂದು ಇ-ಪುಸ್ತಕಕ್ಕೆ 26 ಎರವಲಿನ ಮಿತಿ ಹಾಕಿತು. ತಲಾ 14 ದಿನದಂತೆ ಬಿಡುವಿಲ್ಲದೆ ಹೋದರೆ 364 ದಿನ. ಆಮೇಲೆ ಗ್ರಂಥಾಲಯ ಮತ್ತೆ ದುಡ್ಡು ಕೊಡಬೇಕು! ಇದು ನನಗಂತೂ ಜಾಸ್ತಿಯಾಯಿತು ಅನಿಸುತ್ತದೆ.

ಸುಮ್ನೆ ‘ಡೌನ್‌ಲೋಡ್’ ಎಂದು ತೋರಿಸುವ ಬದಲು, ಆ ಗುಂಡಿಯ ಪಕ್ಕದಲ್ಲೇ ಮುಗಿಯುವ ದಿನಾಂಕವನ್ನೂ, ಸರದಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನೂ ಕನ್ನಡದಲ್ಲಿ ತೋರಿಸಲಿ. ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಬೀಗವಿಲ್ಲದೆ, ‘ಇಟ್ಟುಕೊಳ್ಳಬಹುದು’ ಎಂಬ ಗುರುತಿನೊಂದಿಗೆ ಕೊಡಲಿ.

– ಒಬ್ಬ ಓದುಗ, ಹಾಸನ