ಬಚ್ಚಲಿನ ಬಾಗಿಲಲ್ಲಿ ಕಾಯುವ ನಾಯಿ

ಬದಿಯಡ್ಕ, ನೀರ್ಚಾಲು, ಪೆರ್ಲ ಭಾಗದ ಸದಸ್ಯರ ಗಮನಕ್ಕೆ:

ಮನೆಯವರು ಬಚ್ಚಲಿಗೆ ಹೋದರೆ ನಾಯಿ ಹಿಂದೆಯೇ ಬಂದು ಬಾಗಿಲಲ್ಲಿ ಯಾಕೆ ಕೂರುತ್ತದೆ ಎಂದು ಹಲವರು ಕೇಳಿದ್ದೀರಿ. ನಾಯಿ ಜೊತೆಯಲ್ಲಿ ಬಾಳುವ ಪ್ರಾಣಿ. ತನ್ನವರು ಎದ್ದರೆ ತಾನೂ ಏಳುತ್ತದೆ. ಬೇರೆ ಬಾಗಿಲುಗಳು ಹಗಲಿಡೀ ತೆರೆದಿರುತ್ತವೆ, ಇದೊಂದು ಮಾತ್ರ ಮೂತಿಯೆದುರೇ ಮುಚ್ಚುತ್ತದೆ. ಒಳಗಿನಿಂದ ನೀರಿನ ಸದ್ದು, ನಿಮ್ಮ ವಾಸನೆ ಬರುತ್ತದೆ, ನೀವು ಕಾಣುವುದಿಲ್ಲ. ಅದಕ್ಕೇ ಕಾಯುತ್ತದೆ.

ಕಾಯುವ ರೀತಿ ನೋಡಿ. ಗದ್ದ ನೆಲಕ್ಕಿಟ್ಟು ಮಗ್ಗುಲಿಗೆ ವಾಲಿ ಮಲಗಿದ್ದರೆ ಏನೂ ಮಾಡಬೇಕಾಗಿಲ್ಲ, ಪಾಪ, ಇರಲಿ. ಸೆಖೆಯಿಲ್ಲದಿದ್ದರೂ ಏದುಸಿರು, ಜೊಲ್ಲು, ಬಾಗಿಲಿನ ಕೆಳಗಡೆ ಉಗುರಿನ ಗೀರು ಕಂಡರೆ ಅದು ಭಯ. ಗದರಿಸಿದರೆ ಇನ್ನೂ ಹೆಚ್ಚುತ್ತದೆ.

ಅಂಥ ನಾಯಿಗೆ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ ಗೋಣಿ ಹಾಸಿ. ಬಾಗಿಲು ಮುಚ್ಚಿ 2 ಸೆಕೆಂಡಿಗೇ ತೆರೆದು, ಗೋಣಿಯ ಮೇಲೆಯೇ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಸುಮ್ಮನಿದ್ದರೆ 5, 10, 20 ಸೆಕೆಂಡಿಗೆ ಏರಿಸಿ, ನಡುನಡುವೆ 3ಕ್ಕೆ ಇಳಿಸಿ. ಪ್ರತಿ ಸಲ ಏರುತ್ತಲೇ ಹೋದರೆ ನಾಯಿಗೆ ಅದು ತಿಳಿದು ಚಡಪಡಿಸುತ್ತದೆ. 20ರಲ್ಲಿ ಎದ್ದು ಬಂದು ಬಾಗಿಲು ಕೆರೆದರೆ ಮರುದಿನ 10ರಿಂದ ಶುರುಮಾಡಿ. ದಿನಕ್ಕೆ 5 ನಿಮಿಷ ಸಾಕು.

ಮನೆಯಲ್ಲಿ ಯಾರೂ ಇಲ್ಲದಾಗಲೂ ಹೀಗೇ ಚಡಪಡಿಸುತ್ತದೆಯೇ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿ; ಹೌದಾದರೆ ಅದನ್ನೇ ಪಶುವೈದ್ಯರಿಗೆ ತೋರಿಸಿ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಅಂಟಿಕೊಳ್ಳತೊಡಗಿದರೆ ಕಣ್ಣು, ಕಿವಿ, ಕೀಲುನೋವು ಮೊದಲು ಪರೀಕ್ಷೆಯಾಗಲಿ.