ಟೆಂಡರ್ ಕರಡನ್ನು ಸೋತವನ ಕಣ್ಣಿನಿಂದ ಓದಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಒಳಪುಟಗಳಲ್ಲಿ ಅಚ್ಚಾಗುವ ಟೆಂಡರ್ ಪ್ರಕಟಣೆಗಳನ್ನು ಗುತ್ತಿಗೆದಾರರನ್ನು ಬಿಟ್ಟರೆ ಹೆಚ್ಚಿನವರು ಓದುವುದಿಲ್ಲ. ಸರ್ಕಾರಿ ಕಚೇರಿಯೊಂದರ ಟೆಂಡರ್ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ನನಗೆ ಆ ಚಟ ಇನ್ನೂ ಬಿಟ್ಟಿಲ್ಲ. ಟೆಂಡರ್ ರದ್ದಾಗಿ ಮರುಟೆಂಡರ್ ಕರೆದಾಗ ಜನ ಒಳವ್ಯವಹಾರವನ್ನು ಶಂಕಿಸುತ್ತಾರೆ. ಆ ಶಂಕೆ ಕೆಲವೊಮ್ಮೆ ನಿಜವೂ ಇರಬಹುದು. ಆದರೆ ಎರಡು ಅರ್ಥ ಕೊಡುವ ಒಂದು ವಾಕ್ಯ ಕರಡಿನಲ್ಲಿ ಉಳಿದುಹೋದರೂ ಅದೇ ಗತಿಯಾಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಕಚೇರಿಗಳಲ್ಲಿ ಅಂದಾಜು ಪಟ್ಟಿಯ ಕೂಡಿಕೆ, ದರಪಟ್ಟಿಯ ಅಂಕಿಗಳನ್ನು ಮೂರು ಮೇಜುಗಳಲ್ಲಿ ತಾಳೆ ನೋಡುತ್ತಾರೆ. ಷರತ್ತುಗಳ ಭಾಗವನ್ನು ಮಾತ್ರ ಹಿಂದಿನ ವರ್ಷದ ದಾಖಲೆಯಿಂದ ನಕಲು ಮಾಡಿ, ಕಾಮಗಾರಿಯ ಹೆಸರು ಮತ್ತು ಮೊತ್ತ ಬದಲಿಸಿ, ಸಹಿಗೆ ಕಳುಹಿಸುತ್ತಾರೆ. ಈ ಪತ್ರ ಆ ಭಾಗವನ್ನು ಕುರಿತದ್ದು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. 1.6 ಕೋಟಿ ರೂಪಾಯಿ ಅಂದಾಜಿನ ವಿದ್ಯಾರ್ಥಿನಿಲಯ ಕಟ್ಟಡಕ್ಕೆ 2025ರ ಮೇ 20ರಂದು ಟೆಂಡರ್ ಕರೆಯಲಾಗಿದೆ ಎಂದು ಭಾವಿಸಿ. ಅರ್ಹತೆಯ ಷರತ್ತು ಹೀಗಿದೆ: ‘ಗುತ್ತಿಗೆದಾರರು ಕಳೆದ ಐದು ವರ್ಷಗಳಲ್ಲಿ ಕನಿಷ್ಠ 80 ಲಕ್ಷ ರೂ. ಮೊತ್ತದ ಇದೇ ರೀತಿಯ ಕಾಮಗಾರಿ ನಿರ್ವಹಿಸಿರಬೇಕು.’ ಓದಿದರೆ ಎಲ್ಲಿಯೂ ತಡೆಯುವುದಿಲ್ಲ. ಇಂಥ ವಾಕ್ಯಗಳೇ ಪ್ರೂಫ್ ನೋಡುವವನ ಕಣ್ಣು ತಪ್ಪಿಸುತ್ತವೆ, ಏಕೆಂದರೆ ಇದರಲ್ಲಿ ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪೂ ಇಲ್ಲ.

ಈಗ ಮೂವರು ಟೆಂಡರುದಾರರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವರು 95 ಲಕ್ಷದ ಶಾಲಾ ಕಟ್ಟಡವನ್ನು 2020ರ ಏಪ್ರಿಲ್ 15ರಂದು ಮುಗಿಸಿದ್ದಾರೆ. ‘ಕಳೆದ ಐದು ವರ್ಷ’ ಎಂದರೆ 2020–21ರಿಂದ 2024–25ರವರೆಗಿನ ಆರ್ಥಿಕ ವರ್ಷಗಳು ಎಂದಾದರೆ ಅವರು ಅರ್ಹರು. ಪ್ರಕಟಣೆಯ ದಿನದಿಂದ ಹಿಂದಕ್ಕೆ ಐದು ವರ್ಷ ಎಂದಾದರೆ ಸುಮಾರು ಒಂದು ತಿಂಗಳ ಅಂತರದಲ್ಲಿ ಅನರ್ಹರು. ಎರಡನೆಯವರು 42 ಲಕ್ಷ ಮತ್ತು 45 ಲಕ್ಷದ ಎರಡು ಅಂಗನವಾಡಿ ಸಮುಚ್ಚಯಗಳನ್ನು ಕಟ್ಟಿದ್ದಾರೆ. ಷರತ್ತಿನಲ್ಲಿ ‘ಒಂದೇ ಕಾಮಗಾರಿ’ ಎಂದಿಲ್ಲವಾದ್ದರಿಂದ ಎರಡನ್ನೂ ಕೂಡಿಸಿ 87 ಲಕ್ಷ ತೋರಿಸುತ್ತಾರೆ. ಮೂರನೆಯವರು 2024ರಲ್ಲಿ ಮಾರುಕಟ್ಟೆ ಪ್ರಾಂಗಣದ ಹರಾಜು ಕಟ್ಟೆಯನ್ನು 83 ಲಕ್ಷಕ್ಕೆ ಪೂರ್ಣಗೊಳಿಸಿದ್ದಾರೆ. ಆ ಮೊತ್ತದಲ್ಲಿ ಶೇ 18ರ ಜಿಎಸ್‌ಟಿ ಸೇರಿದ್ದು, ಅದನ್ನು ಕಳೆದರೆ ಕೆಲಸದ ಬೆಲೆ ಸುಮಾರು 70 ಲಕ್ಷ. ಅಲ್ಲದೆ ಗೋಡೆಯಿಲ್ಲದ, ತಗಡಿನ ಮಾಡಿನ ಹರಾಜು ಕಟ್ಟೆ ವಿದ್ಯಾರ್ಥಿನಿಲಯಕ್ಕೆ ‘ಇದೇ ರೀತಿಯದು’ ಹೌದೇ?

ಈ ಮೂವರ ಅರ್ಜಿಗಳೂ ತಾಂತ್ರಿಕ ಮೌಲ್ಯಮಾಪನದ ಮೇಜಿಗೆ ಬರುತ್ತವೆ. ಸಮಿತಿ ಯಾವ ಅರ್ಥ ಹಿಡಿದರೂ ಇನ್ನೊಂದು ಅರ್ಥ ಹಿಡಿದವರಿಗೆ ತಕರಾರು ಎತ್ತಲು ದಾರಿ ಉಂಟು. ನಮ್ಮ ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ಬಾಧಿತ ಟೆಂಡರುದಾರರು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಲಯಕ್ಕೂ ಹೋಗಬಹುದು. ನಾಗ್ಪುರ ಮೆಟ್ರೊ ಟೆಂಡರಿನಲ್ಲಿ ಆದದ್ದು ಇಂಥದೇ ವಿವಾದ. ನಗರಗಳ ನಡುವಿನ ಅತಿವೇಗದ ರೈಲುಮಾರ್ಗ ಕಟ್ಟಿದ ಅನುಭವವನ್ನು ‘ಮೆಟ್ರೊ ಸಿವಿಲ್ ನಿರ್ಮಾಣ ಕಾಮಗಾರಿ’ಯ ಅನುಭವವೆಂದು ಒಪ್ಪಬಹುದೇ ಎಂಬ ಪ್ರಶ್ನೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಫ್ಕಾನ್ಸ್ ಸಂಸ್ಥೆಯ ಆ ಪ್ರಕರಣದಲ್ಲಿ 2016ರಲ್ಲಿ ತೀರ್ಪು ಬಂತು: ದಾಖಲೆ ಬರೆದವರೇ ಅದರ ಅಗತ್ಯಗಳನ್ನು ಚೆನ್ನಾಗಿ ಬಲ್ಲವರು, ದುರುದ್ದೇಶ ಅಥವಾ ವಿಪರೀತ ತರ್ಕ ಕಾಣದ ಹೊರತು ಅವರು ಮಾಡಿದ ಅರ್ಥವನ್ನು ನ್ಯಾಯಾಲಯ ಗೌರವಿಸಬೇಕು. ಈ ತೀರ್ಪನ್ನು ಉಲ್ಲೇಖಿಸಿ ‘ಹೇಗೆ ಬರೆದರೂ ಕೊನೆಗೆ ನಮ್ಮ ಅರ್ಥವೇ ನಿಲ್ಲುತ್ತದೆ’ ಎನ್ನುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಅವರು ಮರೆಯುವುದೇನೆಂದರೆ, ಆ ಅರ್ಥ ನಿಲ್ಲುವ ಹೊತ್ತಿಗೆ ಕಾಮಗಾರಿಗೆ ಎಷ್ಟು ತಿಂಗಳ ತಡೆ ಬಿದ್ದಿರುತ್ತದೆ ಎಂಬುದು. ಅಲ್ಲದೆ ಬಿಡ್ ತೆರೆದ ಮೇಲೆ ಹುಟ್ಟಿದ ಅರ್ಥವನ್ನು ಯಾರಿಗೋ ಅನುಕೂಲ ಮಾಡಿಕೊಡಲು ಹುಟ್ಟಿಸಿದ್ದೆಂದು ಆರೋಪಿಸುವುದು ಬಹಳ ಸುಲಭ.

ಮೇಲಿನ ಷರತ್ತನ್ನು ತಿದ್ದಿ ಬರೆದರೆ ಹೀಗಾಗುತ್ತದೆ: ‘ಗುತ್ತಿಗೆದಾರರು 2020ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಅವಧಿಯಲ್ಲಿ ಪೂರ್ಣಗೊಂಡ, ಆರ್‌ಸಿಸಿ ಚೌಕಟ್ಟಿನ ಕಟ್ಟಡದ ಕನಿಷ್ಠ ಒಂದು ಕಾಮಗಾರಿಯನ್ನು ಮುಖ್ಯ ಗುತ್ತಿಗೆದಾರರಾಗಿ ನಿರ್ವಹಿಸಿರಬೇಕು, ಆ ಒಂದೇ ಕಾಮಗಾರಿಯ ಮೊತ್ತ ಜಿಎಸ್‌ಟಿ ಹೊರತುಪಡಿಸಿ 80 ಲಕ್ಷ ರೂ.ಗಿಂತ ಕಡಿಮೆ ಇರಬಾರದು. ಕಾಮಗಾರಿ ಈ ಅವಧಿಗೆ ಮೊದಲೇ ಆರಂಭವಾಗಿದ್ದರೂ ಪರಿಗಣಿಸಲಾಗುವುದು.’ ವಾಕ್ಯ ಉದ್ದವಾಯಿತು, ನಿಜ. ಆದರೆ ಮೂವರ ಹಣೆಬರಹವೂ ಕಾಗದದ ಮೇಲೆಯೇ ಇತ್ಯರ್ಥವಾಯಿತು. ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರಿನ ಸುತ್ತೋಲೆಯಲ್ಲಿ ಅನುಭವದ ಅವಧಿಯನ್ನು ‘ಅರ್ಜಿ ಆಹ್ವಾನಿಸಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನಕ್ಕೆ ಮುಗಿಯುವ ಏಳು ವರ್ಷ’ ಎಂದು ಹಿಡಿದುಕೊಟ್ಟಿರುವುದು ಇದೇ ಕಾರಣಕ್ಕೆ. ವರ್ಷಗಳ ಸಂಖ್ಯೆಗಿಂತ ಅವು ಎಲ್ಲಿ ಮುಗಿಯುತ್ತವೆ ಎಂಬುದನ್ನು ಹೇಳುವುದು ಮುಖ್ಯ.

ವಹಿವಾಟಿನ ಷರತ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಮೇ ತಿಂಗಳ ಟೆಂಡರಿನಲ್ಲಿ ‘ಕಳೆದ ಮೂರು ಆರ್ಥಿಕ ವರ್ಷಗಳ ಲೆಕ್ಕಪರಿಶೋಧಿತ ವಹಿವಾಟು’ ಕೇಳಿದರೆ, ಮಾರ್ಚ್ 31ಕ್ಕಷ್ಟೇ ಮುಗಿದ ವರ್ಷದ ಲೆಕ್ಕ ಎಷ್ಟೋ ಗುತ್ತಿಗೆದಾರರಲ್ಲಿ ಇನ್ನೂ ಪರಿಶೋಧನೆ ಆಗಿರುವುದಿಲ್ಲ. ಆದಾಯ ತೆರಿಗೆಯ ಲೆಕ್ಕಪರಿಶೋಧನೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರವರೆಗೆ ಕಾಲಾವಕಾಶವಿರುತ್ತದೆ. ಒಬ್ಬರು ಆ ವರ್ಷ ಬಿಟ್ಟು ಹಿಂದಿನ ಮೂರು ವರ್ಷಗಳನ್ನು ಕೊಡುತ್ತಾರೆ, ಇನ್ನೊಬ್ಬರು ಚಾರ್ಟರ್ಡ್ ಅಕೌಂಟೆಂಟರ ತಾತ್ಕಾಲಿಕ ಪ್ರಮಾಣಪತ್ರ ಲಗತ್ತಿಸುತ್ತಾರೆ. ವರ್ಷಗಳನ್ನು ಹೆಸರಿಸಿಬಿಟ್ಟರೆ ಇಡೀ ಗೊಂದಲ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಕೊನೆಯ ದಿನಾಂಕದ ವಿಷಯಕ್ಕೆ ಬರುತ್ತೇನೆ. ಒಂದೇ ಟೆಂಡರಿನ ದಿನಾಂಕಗಳು ಪತ್ರಿಕಾ ಪ್ರಕಟಣೆಯಲ್ಲಿ, ಟೆಂಡರುದಾರರಿಗೆ ಸೂಚನೆಗಳಲ್ಲಿ, ಅನುಬಂಧದಲ್ಲಿ ಮತ್ತು ಪೋರ್ಟಲಿನಲ್ಲಿ ಬೇರೆ ಬೇರೆಯಾಗಿ ಟೈಪಾಗುತ್ತವೆ. ಅವನ್ನೆಲ್ಲ ಒಂದು ಹಾಳೆಯಲ್ಲಿ ಪುಟಸಂಖ್ಯೆ ಸಹಿತ ಬರೆದು ಪಕ್ಕಪಕ್ಕದಲ್ಲಿ ನೋಡುವುದಕ್ಕಿಂತ ಉತ್ತಮ ಉಪಾಯ ನನಗೆ ಗೊತ್ತಿಲ್ಲ. ‘10ರ ಮಧ್ಯರಾತ್ರಿ 12 ಗಂಟೆಯೊಳಗೆ’ ಎಂದು ಬರೆದರೆ ಒಂಬತ್ತರ ರಾತ್ರಿಯೋ ಹತ್ತರ ರಾತ್ರಿಯೋ ಎಂಬ ಪ್ರಶ್ನೆ ಏಳುತ್ತದೆ. ‘10ರ ಸಂಜೆ 4.00’ ಎಂದರೆ ಏಳುವುದಿಲ್ಲ. ಕೊನೆಯ ದಿನ ರಜೆ ಘೋಷಣೆಯಾದರೆ ಮುಂದಿನ ಕೆಲಸದ ದಿನ ಅದೇ ವೇಳೆಗೆ ಸ್ವೀಕರಿಸಲಾಗುವುದು ಎಂಬ ಸಾಲು ಪೆಟ್ಟಿಗೆಯಲ್ಲಿ ಲಕೋಟೆ ಹಾಕುತ್ತಿದ್ದ ಕಾಲದ್ದು. ಪೋರ್ಟಲ್‌ಗೆ ರಜೆ ತಿಳಿಯದು. ಯಾರಾದರೂ ಒಳಗೆ ಕೂತು ವಿಸ್ತರಣೆ ನಮೂದಿಸದ ಹೊರತು ಅದು ಹೇಳಿದ ಗಳಿಗೆಗೆ ಮುಚ್ಚಿಕೊಳ್ಳುತ್ತದೆ. ಮುದ್ರಿತ ಷರತ್ತನ್ನು ನಂಬಿ ಮರುದಿನ ಬಂದವನಿಗೆ ಏನು ಉತ್ತರ?

ಅವಧಿ ವಿಸ್ತರಣೆಯಲ್ಲಿ ಅಡಗಿರುವ ತೊಡಕು ಇನ್ನೂ ಸೂಕ್ಷ್ಮ. ಬಿಡ್‌ನ ಸಿಂಧುತ್ವ ಕೊನೆಯ ದಿನಾಂಕದಿಂದ 90 ದಿನ, ಬಿಡ್ ಜೊತೆ ಇಡಬೇಕಾದ ಠೇವಣಿ, ಅಂದರೆ ಇಎಂಡಿಗಾಗಿ ಕೊಡುವ ಬ್ಯಾಂಕ್ ಗ್ಯಾರಂಟಿಯ ಸಿಂಧುತ್ವ ಅದರ ಮೇಲೆ 45 ದಿನ ಎಂಬುದು ಕಾಮಗಾರಿ ಟೆಂಡರುಗಳಲ್ಲಿ ಕಾಣುವ ಪದ್ಧತಿ. ಕೊನೆಯ ದಿನ ಜೂನ್ 10 ಆದರೆ ಬಿಡ್ ಸೆಪ್ಟೆಂಬರ್ 8ರವರೆಗೆ, ಗ್ಯಾರಂಟಿ ಅಕ್ಟೋಬರ್ 23ರವರೆಗೆ. ಎಚ್ಚರಿಕೆಯ ಗುತ್ತಿಗೆದಾರ ಜೂನ್ ಮೊದಲ ವಾರವೇ ಬ್ಯಾಂಕಿನಿಂದ ಅಷ್ಟು ಅವಧಿಯ ಗ್ಯಾರಂಟಿ ಪಡೆಯುತ್ತಾನೆ. ಆಮೇಲೆ ತಿದ್ದುಪಡಿ ಪ್ರಕಟಣೆ ಹೊರಟು ಕೊನೆಯ ದಿನ ಜೂನ್ 25ಕ್ಕೆ ಮುಂದೆ ಹೋಗುತ್ತದೆ. ಹೊಸ ದಿನಾಂಕದಿಂದ ಎಣಿಸಿದರೆ ಗ್ಯಾರಂಟಿ ನವೆಂಬರ್ 7ರವರೆಗೆ ಬೇಕು. ಅವನ ಕೈಯಲ್ಲಿರುವುದಕ್ಕೆ ಹದಿನೈದು ದಿನ ಕಡಿಮೆ. ತಿದ್ದುಪಡಿಯಲ್ಲಿ ‘ಉಳಿದೆಲ್ಲ ಷರತ್ತುಗಳು ಯಥಾವತ್ತಾಗಿರುತ್ತವೆ’ ಎಂಬ ಮಾಮೂಲಿ ಸಾಲಷ್ಟೇ ಇದ್ದರೆ, ಮೊದಲು ತಯಾರಿ ಮಾಡಿಕೊಂಡವನೇ ತಿರಸ್ಕೃತನಾಗುವ ವಿಚಿತ್ರ ಸಂಭವಿಸುತ್ತದೆ. ದಿನ ಎಣಿಸುವ ಕೆಲಸವನ್ನು ಟೆಂಡರುದಾರರಿಗೆ ಬಿಡದೆ, ಗ್ಯಾರಂಟಿ ಇಂಥ ತಾರೀಖಿನವರೆಗೆ ಸಿಂಧುವಿರಬೇಕು ಎಂದು ಮೂಲ ದಾಖಲೆಯಲ್ಲೂ ಪ್ರತಿ ತಿದ್ದುಪಡಿಯಲ್ಲೂ ಬರೆಯಬೇಕು. ವಿಸ್ತರಣೆಗೆ ಮೊದಲು ಪಡೆದ ಗ್ಯಾರಂಟಿಯನ್ನು ಒಪ್ಪುವುದೋ ಇಲ್ಲವೋ ಎಂಬುದನ್ನೂ ಹೇಳಬೇಕು. 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲಿ ಮೊದಲ ದಿನವನ್ನು ಬಿಟ್ಟು ಎಣಿಸುವ ನಿಯಮವಿದೆ ಎನ್ನುವವರಿದ್ದಾರೆ. ಅದು ಕಾಯ್ದೆಗಳನ್ನು ಓದುವ ನಿಯಮ. ಟೆಂಡರ್ ದಾಖಲೆ ಕಾಯ್ದೆಯಲ್ಲ, ಆದ್ದರಿಂದ ಎಣಿಕೆಯ ಕ್ರಮವನ್ನು ದಾಖಲೆಯೇ ಹೇಳಿಕೊಳ್ಳುವುದು ಕ್ಷೇಮ.

ಸಲ್ಲಿಕೆಯ ರೀತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿನ ಗೊಂದಲಗಳು ಬಹುತೇಕ ನಕಲಿನ ಫಲ. ಡಿಜಿಟಲ್ ಸಹಿಯೊಂದಿಗೆ ಆನ್‌ಲೈನ್ ಸಲ್ಲಿಸಿ ಎಂದು ಮೂರನೇ ಪುಟದಲ್ಲಿ ಹೇಳಿ, ಪ್ರತಿ ಪುಟಕ್ಕೂ ಸಹಿ ಮತ್ತು ಮೊಹರು ಹಾಕಿ ಎಂದು ಹನ್ನೊಂದನೇ ಪುಟದಲ್ಲಿ ಕೇಳುವುದು, ‘ದೃಢೀಕೃತ ಪ್ರತಿ’ ಎಂದಷ್ಟೇ ಬರೆದು ಸ್ವಯಂ ದೃಢೀಕರಣವೋ ನೋಟರಿಯೋ ಎಂಬುದನ್ನು ಬಿಡುವುದು ದಿನನಿತ್ಯದ ಸಂಗತಿ. ಇವುಗಳ ಪೈಕಿ ನಿಜವಾಗಿ ಅಪಾಯಕಾರಿ ಎಂದರೆ ‘ಮೂಲ ದಾಖಲೆಗಳನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು’ ಎಂಬ ಸಾಲು. ಯಾವಾಗ, ಯಾರ ಮುಂದೆ, ತಪ್ಪಿದರೆ ಬಿಡ್ ತಿರಸ್ಕೃತವೋ ಅಥವಾ ಕಾಲಾವಕಾಶ ಕೊಡಲಾಗುವುದೋ ಎಂಬುದಿಲ್ಲದಿದ್ದರೆ ಅದೇ ಸಾಲು ಒಬ್ಬರ ವಿಷಯದಲ್ಲಿ ಸಡಿಲವಾಗಿಯೂ ಮತ್ತೊಬ್ಬರ ವಿಷಯದಲ್ಲಿ ಬಿಗಿಯಾಗಿಯೂ ಬಳಕೆಯಾಗುತ್ತದೆ. ‘ತಕ್ಕದ್ದು’ ಬಂದ ಕಡೆಯೆಲ್ಲ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಪಾಲಿಸದಿದ್ದರೆ ಏನಾಗುತ್ತದೆ ಎಂದು ಅಂಚಿನಲ್ಲಿ ಬರೆಯಲು ಪ್ರಯತ್ನಿಸಿ. ಬರೆಯಲು ಆಗದಿದ್ದರೆ ಆ ಷರತ್ತು ಇನ್ನೂ ಪೂರ್ಣವಾಗಿಲ್ಲ.

ಎಲ್ಲವನ್ನೂ ಬಿಗಿದುಬಿಡಬೇಕೆಂದು ನಾನು ವಾದಿಸುತ್ತಿಲ್ಲ. ‘ಇದೇ ರೀತಿಯ ಕಾಮಗಾರಿ’ಯನ್ನು ವಿವರಿಸುತ್ತಾ ಹೋಗಿ ‘ಮೂರು ಅಂತಸ್ತಿನ, ಬಾಲಕಿಯರ, ನೂರು ಹಾಸಿಗೆಯ ವಿದ್ಯಾರ್ಥಿನಿಲಯ’ ಎಂದು ನಿಲ್ಲಿಸಿದರೆ ಸ್ಪಷ್ಟತೆಗೆ ಕೊರತೆಯಿಲ್ಲ, ಆದರೆ ಊರಿಗೆಲ್ಲ ಒಬ್ಬನೇ ಅರ್ಹನಾಗುತ್ತಾನೆ. ಅಸ್ಪಷ್ಟತೆಯಂತೆ ಅತಿ ಸ್ಪಷ್ಟತೆಯೂ ಪಕ್ಷಪಾತದ ಸಾಧನವಾಗಬಲ್ಲದು. ಆದ್ದರಿಂದ ಕರಡಿನ ಪರೀಕ್ಷೆಗೆ ಮೇಲೆ ಹೇಳಿದಂತೆ ಗಡಿಯಂಚಿನ ಕೆಲವು ಟೆಂಡರುದಾರರನ್ನು ಕಲ್ಪಿಸಿ, ಕರಡು ಬರೆಯದ ಇಬ್ಬರು ನೌಕರರಿಗೆ ಬೇರೆ ಬೇರೆಯಾಗಿ ಕೊಟ್ಟು, ‘ಅರ್ಹ’, ‘ಅನರ್ಹ’ ಎಂದು ಗುರುತು ಹಾಕಿಸುವುದು ನಾನು ಕಂಡ ಮಟ್ಟಿಗೆ ಫಲಕಾರಿ. ಇಬ್ಬರ ಗುರುತು ಎಲ್ಲಿ ಬೇರೆಯಾಗುತ್ತದೋ ಆ ವಾಕ್ಯವನ್ನು ತಿದ್ದಬೇಕು. ಇಬ್ಬರೂ ಒಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಅನರ್ಹರೆಂದರೆ ಷರತ್ತನ್ನೇ ಮರುಪರಿಶೀಲಿಸಬೇಕು. ಇದಕ್ಕೆ ಅರ್ಧ ದಿನ ಸಾಕು, ಮತ್ತು ಇದು ಪ್ರಕಟಣೆಗೆ ಮೊದಲೇ ಆಗಬೇಕು, ಏಕೆಂದರೆ ಕೊನೆಯ ದಿನಾಂಕದೊಳಗೆ ಎಲ್ಲರಿಗೂ ತಿಳಿಯುವಂತೆ ತಿದ್ದುಪಡಿ ಹೊರಡಿಸಬಹುದೇ ಹೊರತು ಬಿಡ್ ತೆರೆದ ಮೇಲೆ ಷರತ್ತು ತಿದ್ದುವಂತಿಲ್ಲ.

ಸಂಬಂಧಪಟ್ಟ ಇಲಾಖೆಗಳು ಟೆಂಡರ್ ಕರಡಿನ ಕಡತದಲ್ಲಿ, ದರಪಟ್ಟಿ ತಾಳೆ ನೋಡಿದವರ ಸಹಿಯ ಕೆಳಗೆ, ಷರತ್ತುಗಳನ್ನು ಓದಿ ನೋಡಿದ ಇನ್ನೊಬ್ಬರ ಸಹಿಗೂ ಒಂದು ಸಾಲು ಮೀಸಲಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ,
ದಾವಣಗೆರೆ