ಡೆಕಾರ್ಟ್ ಉಪನ್ಯಾಸದ ಟಿಪ್ಪಣಿ ಹಾಕುವವರ ಗಮನಕ್ಕೆ

ಮೊದಲು ತೀರ್ಮಾನ ಬರೆಯಿರಿ, ಆಮೇಲೆ ಅದನ್ನು ಹೊರುವ ಆಧಾರವಾಕ್ಯಗಳನ್ನು ಹುಡುಕಿ. ನಾನು ಬೇರೆ, ನನ್ನ ದೇಹ ಬೇರೆ ಎನ್ನುವ ಡೆಕಾರ್ಟ್‌ನ ಸಂದೇಹದ ವಾದ ಹೀಗೆ ನಿಲ್ಲುತ್ತದೆ:

1. ನನ್ನ ದೇಹ ಇದೆಯೇ ಎಂದು ನಾನು ಸಂದೇಹಪಡಬಲ್ಲೆ.
2. ನಾನು ಇದ್ದೇನೆಯೇ ಎಂದು ಸಂದೇಹಪಡಲಾರೆ.
3. (ಹೇಳದೆ ಬಿಟ್ಟದ್ದು) ಒಂದನ್ನು ಸಂದೇಹಿಸಬಹುದು, ಇನ್ನೊಂದನ್ನು ಆಗದು ಎಂದರೆ ಅವೆರಡೂ ಬೇರೆ ಬೇರೆ.
4. ಆದ್ದರಿಂದ ನಾನು ನನ್ನ ದೇಹವಲ್ಲ. (1, 2, 3ರಿಂದ)

ಮೂರನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ಅದಿಲ್ಲದೆ 4ಕ್ಕೆ ದಾರಿಯಿಲ್ಲ. ಪ್ರತಿ ಆಕ್ಷೇಪದ ಪಕ್ಕ ಅದು ಯಾವ ಸಂಖ್ಯೆಗೆ ತಗಲುತ್ತದೆಂದು ಹಾಕಿ.

ಆಕ್ಷೇಪ-3: ಮುಸುಕುಧಾರಿ ಯಾರೆಂದು ಗೊತ್ತಿಲ್ಲ, ಅಪ್ಪ ಯಾರೆಂದು ಗೊತ್ತು, ಆದರೂ ಮುಸುಕಿನೊಳಗೆ ಅಪ್ಪನೇ ಇರಬಹುದು.

ಇದರಿಂದ ಬಿದ್ದದ್ದು 3 ಮಾತ್ರ, 4 ಸುಳ್ಳೆಂದು ಸಾಬೀತಾಗಲಿಲ್ಲ. 'ತೀರ್ಮಾನ ತಪ್ಪು' ಎಂದು ಬರೆದವರು ದಯವಿಟ್ಟು ತಿದ್ದಿ.

ಉತ್ತರ-3: 'ಧ್ಯಾನಗಳು' ಕೃತಿಯ ಆರನೆಯ ಧ್ಯಾನದಲ್ಲಿ ಡೆಕಾರ್ಟ್ ಸಂದೇಹದ ಮೇಲಲ್ಲ, ಸ್ಪಷ್ಟ ಗ್ರಹಿಕೆಯ ಮೇಲೆ ವಾದ ಕಟ್ಟುತ್ತಾನೆ. ಅದು ಬೇರೆಯೇ ವಾದ, ಹೊಸ ಹಾಳೆಯಲ್ಲಿ 1ರಿಂದ ಶುರುಮಾಡಿ.